ನಿಮಗಿದು ಗೊತ್ತೇ? ವೀಣೆಯ ಸದ್ದು ಏರಿಸಲು ಹೊರಟರೆ ಚಪ್ಪಾಳೆ ಅಡ್ಡ ಬರುತ್ತದೆ!

ಒಂದೇ ಊರು, ಒಂದೇ ರೆಕಾರ್ಡರ್; ಆದರೂ ಒಂದು ರೆಕಾರ್ಡಿಂಗ್ ಜೋರು, ಇನ್ನೊಂದು ಕೇಳಿಸುವುದೇ ಇಲ್ಲ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಚಾಮರಾಜಪೇಟೆಯಲ್ಲಿ ಶುರುಮಾಡಿದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಕಛೇರಿಗೆ ಹೋಗಿ, ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಸ್ಪೀಕರ್ ಹತ್ತಿರ ಕೂತು ರೆಕಾರ್ಡ್ ಮಾಡಿದರೆ ಮನೆಗೆ ಬಂದು ಸದ್ದು ಏರಿಸುವ ಪ್ರಮೇಯವೇ ಇರುವುದಿಲ್ಲ. ಅದೇ ರೆಕಾರ್ಡರನ್ನು ಬಸವನಗುಡಿಯ ಯಾವುದೋ ಮನೆಯ ಹಜಾರದಲ್ಲಿ, ಮೈಕಿಲ್ಲದೆ ನಡೆಯುವ ವೀಣೆ ಕಛೇರಿಗೆ ಒಯ್ಯಿರಿ. ಮರುದಿನ ಕೇಳಿದರೆ ವೀಣೆ ಪಕ್ಕದ ಬೀದಿಯಲ್ಲಿ ನುಡಿದಂತಿರುತ್ತದೆ. ಆಗ ಎಲ್ಲರೂ ಹುಡುಕುವ ಮದ್ದು ನಾರ್ಮಲೈಸೇಷನ್. ಅದರಲ್ಲಿ ಎರಡು ಬಗೆ. ಎರಡೂ ಬೇರೆ ಬೇರೆ ಪ್ರಶ್ನೆ ಕೇಳುತ್ತವೆ.

ಪೀಕ್ ನಾರ್ಮಲೈಸೇಷನ್ ಸಂಗೀತವನ್ನು ಕೇಳುವುದೇ ಇಲ್ಲ. ಇಡೀ ಫೈಲಿನಲ್ಲಿ ಅಲೆ ಅತಿ ಎತ್ತರಕ್ಕೆ ಏರಿದ ಒಂದೇ ಒಂದು ಕ್ಷಣವನ್ನು ಹುಡುಕುತ್ತದೆ. ಆ ತುದಿ ನೀವು ಹೇಳಿದ ಗುರಿ ಮುಟ್ಟಲು ಎಷ್ಟು ಏರಿಸಬೇಕೋ ಲೆಕ್ಕ ಹಾಕಿ, ಫೈಲನ್ನು ಮೊದಲಿಂದ ಕೊನೆಯವರೆಗೆ ಅಷ್ಟೇ ಏರಿಸುತ್ತದೆ. ಸಾಲಿನಲ್ಲಿ ಅತಿ ಎತ್ತರದ ಹುಡುಗನ ತಲೆ ಚೌಕಟ್ಟಿಗೆ ತಾಗುವವರೆಗೆ ಇಡೀ ಗ್ರೂಪ್ ಫೋಟೊವನ್ನು ಹಿಗ್ಗಿಸಿದ ಹಾಗೆ. ಒಂದೂವರೆ ಗಂಟೆಯ ಕಛೇರಿಯಲ್ಲಿ ಆ ತುದಿ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರದೆ ಹೋಗಬಹುದು. ಅದು ವೀಣೆಯದೋ, ಮೃದಂಗದ್ದೋ, ಯಾರೋ ನೆಲಕ್ಕೆ ಬೀಳಿಸಿದ ಸ್ಟೀಲ್ ಲೋಟದ್ದೋ ಎಂಬುದು ಅದಕ್ಕೆ ಬೇಕಿಲ್ಲ.

ಡಿಜಿಟಲ್ ಧ್ವನಿಯಲ್ಲಿ ಸೊನ್ನೆಯೇ ಛಾವಣಿ. ಅದಕ್ಕಿಂತ ಮೇಲಿನ ಅಂಕಿ ಸಾಮಾನ್ಯ ಫೈಲಿನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಎಲ್ಲ ಮಟ್ಟಗಳೂ ಮೈನಸ್‌ನಲ್ಲೇ ಇರುತ್ತವೆ. −2 ಡಿಬಿ ಎಂದರೆ ಛಾವಣಿಗೆ ತಲೆ ತಾಗುವಷ್ಟು ಹತ್ತಿರ, −30 ಎಂದರೆ ತುಂಬ ಕೆಳಗೆ. 6 ಡಿಬಿ ಏರಿಸಿದರೆ ಅಲೆಯ ಎತ್ತರ ದುಪ್ಪಟ್ಟಾಗುತ್ತದೆ. ಆದರೆ ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸಲು ಸುಮಾರು 10 ಡಿಬಿ ಬೇಕು. ಒಂದು ಡಿಬಿ ಏರಿಸಿದರೆ ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲೇ ಬೇಕಾಗುತ್ತದೆ.

ನಾದಸ್ವರದ ಪೀಕ್ ಮತ್ತು ವೀಣೆಯ ಪೀಕ್ ಒಂದೇ ಇದ್ದರೂ ನಾದಸ್ವರವೇ ಜೋರು. ಮಲ್ಲೇಶ್ವರದ ದೇವಸ್ಥಾನದ ವಾಲಗವನ್ನೂ ಒಂದು ವೀಣೆ ಕಛೇರಿಯನ್ನೂ ತಂದು ಎರಡನ್ನೂ −1 ಡಿಬಿಗೆ ಪೀಕ್ ನಾರ್ಮಲೈಸ್ ಮಾಡಿ ಒಂದರ ಹಿಂದೊಂದು ಹಾಕಿ ನೋಡಿ. ವಾಲಗ ಬಂದೊಡನೆ ಕೈ ತಾನಾಗಿ ವಾಲ್ಯೂಮ್ ಇಳಿಸುತ್ತದೆ. ನಾದಸ್ವರದಲ್ಲಿ ಉಸಿರು ನಿಲ್ಲುವವರೆಗೂ ಸ್ವರ ಒಂದೇ ಎತ್ತರದಲ್ಲಿ ತುಂಬಿಕೊಂಡಿರುತ್ತದೆ. ವೀಣೆಯ ತಂತಿ ಹಾಗಲ್ಲ: ಮೀಟಿದ ಕ್ಷಣ ಚಿಮ್ಮಿ ಏರುತ್ತದೆ, ಮರುಕ್ಷಣದಿಂದ ಇಳಿಯುತ್ತಾ ಹೋಗುತ್ತದೆ. ನಾವು ಆಸೆಪಟ್ಟು ಕೇಳುವ ಗಮಕವೆಲ್ಲ ಇರುವುದು ಆ ಇಳಿಜಾರಿನಲ್ಲಿ. ಕಿವಿ ಜೋರನ್ನು ಅಳೆಯುವುದು ಚಿಮ್ಮಿದ ತುದಿಯಿಂದಲ್ಲ, ತುಂಬಿಕೊಂಡ ಹೊತ್ತಿನಿಂದ.

ಕಿವಿಯ ಈ ಗುಣವನ್ನು ಅಂಕಿಗೆ ಇಳಿಸಿದ್ದು 2006ರಲ್ಲಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಆ ವರ್ಷ ಬಿಎಸ್ 1770 ಎಂಬ ಅಳತೆಯ ವಿಧಾನ ಕೊಟ್ಟಿತು. ಅದನ್ನು ಆಧರಿಸಿ 2010ರಲ್ಲಿ ಯುರೋಪಿನ ಪ್ರಸಾರ ಒಕ್ಕೂಟ ಟಿವಿ, ರೇಡಿಯೊಗೆ −23 ಎಂಬ ಗುರಿ ನಿಗದಿಮಾಡಿತು. ಇದಕ್ಕೆಲ್ಲ ಹಿಂದಿದ್ದ ಕಿರಿಕಿರಿ ನಮಗೂ ಚೆನ್ನಾಗಿ ಗೊತ್ತು: ಧಾರಾವಾಹಿ ಮೆಲ್ಲಗೆ, ನಡುವೆ ಬರುವ ಜಾಹೀರಾತು ಕಿವಿ ಹರಿಯುವಷ್ಟು ಜೋರು. ಪೀಕ್ ನೋಡಿದರೆ ಎರಡೂ ಒಂದೇ, ನಿಯಮ ಮುರಿದಿಲ್ಲ! ಪರದೆಯ ಮೇಲೆ LUFS ಎಂದು ಕಾಣುವ ಈ ಅಳತೆಯನ್ನು ಸ್ಟುಡಿಯೋದವರು ‘ಲಫ್ಸ್’ ಎನ್ನುತ್ತಾರೆ. ಲೌಡ್‌ನೆಸ್ ನಾರ್ಮಲೈಸೇಷನ್ ಎಂದರೆ ಇಡೀ ಫೈಲಿನ ಲಫ್ಸ್ ಅಳೆದು, ಅದನ್ನು ಗುರಿಗೆ ತಲುಪಿಸುವಷ್ಟು ಏರಿಸುವುದು ಅಥವಾ ಇಳಿಸುವುದು.

ಈ ಅಳತೆ ಮೌನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫೈಲನ್ನು 0.4 ಸೆಕೆಂಡಿನ ತುಣುಕುಗಳಾಗಿ ನೋಡುತ್ತದೆ. −70ಕ್ಕಿಂತ ಕೆಳಗಿನ ತುಣುಕನ್ನು ಬಿಡುತ್ತದೆ. ಉಳಿದವುಗಳ ಸರಾಸರಿಗಿಂತ ಹತ್ತು ಅಂಕಿಗೂ ಕೆಳಗಿರುವುದನ್ನು ಇನ್ನೊಮ್ಮೆ ಸೋಸಿ ಬಿಡುತ್ತದೆ. ಕಲಾವಿದರು ನುಡಿಸತೊಡಗುವ ಮುಂಚಿನ ನಿಶ್ಶಬ್ದ, ನಿರೂಪಕರು ಚೀಟಿ ಹುಡುಕುವ ಹೊತ್ತು ಇವು ಸರಾಸರಿಯನ್ನು ಕೆಳಗೆಳೆಯದಿರಲಿ ಎಂದು ಈ ಏರ್ಪಾಡು. ಆದರೆ ಜೋರಾದ್ದು ಏನೇ ಇರಲಿ ಅದು ಲೆಕ್ಕಕ್ಕೆ ಬರುತ್ತದೆ. ಚಪ್ಪಾಳೆ ಕೂಡ.

ಈಗ ಒಂದು ಕಛೇರಿಯನ್ನೇ ಮೇಜಿನ ಮೇಲಿಡೋಣ. ಹಜಾರದಲ್ಲಿ ವೀಣೆ, ಜೊತೆಗೆ ಮೃದಂಗ. ಎದುರಿಗೆ ನಲವತ್ತು ಜನ. ಕೈಲಿ ಹಿಡಿಯುವ ಸ್ಟೀರಿಯೊ ರೆಕಾರ್ಡರ್ ಮೂರನೇ ಸಾಲಿನ ಕುರ್ಚಿಯ ಮೇಲೆ. ಒಂದೂವರೆ ಗಂಟೆಯ ವೇವ್ ಫೈಲು. ಇಂಥ ಕಡೆ ಬರಬಹುದಾದ ಅಂಕಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ: ಪೀಕ್ −2 ಡಿಬಿ, ಲೌಡ್‌ನೆಸ್ −31 ಲಫ್ಸ್. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನ ಇದ್ದರೆ ಎರಡನ್ನೂ ಒಂದೇ ಸಾಲಿನಲ್ಲಿ ಅಳೆಯಬಹುದು:

```
ffmpeg -i kacheri.wav -af ebur128=peak=sample -f null -
```

ಕೊನೆಯಲ್ಲಿ ಮೂಡುವ ಸಾರಾಂಶದಲ್ಲಿ `I:` ಎಂಬುದರ ಮುಂದೆ ಇರುವುದು ಲೌಡ್‌ನೆಸ್, `Peak:` ಮುಂದೆ ಇರುವುದು ಪೀಕ್.

ಇದಕ್ಕೆ −1 ಡಿಬಿ ಗುರಿಯಿಟ್ಟು ಪೀಕ್ ನಾರ್ಮಲೈಸ್ ಮಾಡಿದರೆ ಏನಾಗುತ್ತದೆ? −2ರಿಂದ −1ಕ್ಕೆ ಒಂದೇ ಹೆಜ್ಜೆ. ಇಡೀ ಕಛೇರಿ 1 ಡಿಬಿ ಏರುತ್ತದೆ. ಯಾರಿಗೂ ತಿಳಿಯದ ಏರಿಕೆ! ‘ಸಾಫ್ಟ್‌ವೇರ್ ಕೆಲಸವೇ ಮಾಡಲಿಲ್ಲ’ ಎಂದು ಹೊಸಬರು ಗೊಣಗುವುದು ಇಲ್ಲೇ. ಅದು ಹೇಳಿದಷ್ಟು ಕೆಲಸವನ್ನು ಕರಾರುವಾಕ್ಕಾಗಿ ಮಾಡಿದೆ.

ಸರಿ, ಲೌಡ್‌ನೆಸ್ ನಾರ್ಮಲೈಸೇಷನ್‌ಗೆ ಹೋಗೋಣ. ಗುರಿ −16 ಲಫ್ಸ್ ಇಡೋಣ. ಪಾಡ್‌ಕಾಸ್ಟ್ ಮಾಡುವವರು ಬಹಳವಾಗಿ ಇಡುವ ಅಂಕಿ ಅದು. −31ರಿಂದ −16ಕ್ಕೆ 15 ಡಿಬಿ ಏರಿಕೆ. ವೀಣೆ ಕೊನೆಗೂ ಎದುರಿಗೆ ಬಂದು ಕೂರುತ್ತದೆ. ಆದರೆ −2ರಲ್ಲಿದ್ದ ಪೀಕ್ ಈಗ +13ಕ್ಕೆ ಹೋಗಿರುತ್ತದೆ. ಛಾವಣಿ ಸೊನ್ನೆಯಲ್ಲಿದೆ. ಸೊನ್ನೆ ದಾಟಿದ್ದೆಲ್ಲ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿ, ಧ್ವನಿ ಕರ್ರೆಂದು ಒಡೆಯುತ್ತದೆ. ಚಪ್ಪಾಳೆಯಷ್ಟೇ ಒಡೆದಿದ್ದರೆ ಹೋಗಲಿ ಎನ್ನಬಹುದಿತ್ತು. ಮೃದಂಗದ ಒಳ್ಳೊಳ್ಳೆ ಪೆಟ್ಟುಗಳೂ ಅದರ ಜೊತೆಗೇ ಹೋಗುತ್ತವೆ.

ಹಾಗಾದರೆ −2ರ ಆ ತುದಿ ಯಾರದು? ಈ ಪ್ರಶ್ನೆ ಕೇಳದೆ ಗುಂಡಿ ಒತ್ತಬಾರದು ಎಂಬುದು ನನ್ನ ಪಕ್ಕಾ ಅಭಿಪ್ರಾಯ. ಆಡಾಸಿಟಿಯಲ್ಲಿ ಫೈಲು ತೆರೆದು ಅಲೆಯ ಚಿತ್ರ ನೋಡಿದರೆ ಸಾಕು, ಉತ್ತರ ಕಣ್ಣಿಗೇ ಬೀಳುತ್ತದೆ. ಹತ್ತೋ ಹದಿನೈದೋ ನಿಮಿಷಕ್ಕೊಮ್ಮೆ, ಪ್ರತಿ ಕೃತಿ ಮುಗಿದ ಕಡೆ, ದಪ್ಪನೆಯ ದಿಮ್ಮಿಯಂತೆ ನಿಂತಿರುವುದು ಚಪ್ಪಾಳೆ. ರೆಕಾರ್ಡರ್ ಇರುವುದು ಪ್ರೇಕ್ಷಕರ ನಡುವೆ, ಪಕ್ಕದವರ ಕೈ ಅದಕ್ಕೆ ಎರಡಡಿ ದೂರ, ವೀಣೆ ಹದಿನೈದಡಿ ದೂರ. ಚಪ್ಪಾಳೆಯಲ್ಲದೆ ಒಂಟಿ ಸೂಜಿಯಂತೆ ಎದ್ದುನಿಂತ ಗೆರೆ ಕಂಡರೆ ಅದು ಕೆಮ್ಮೋ, ಕುರ್ಚಿ ಎಳೆದದ್ದೋ, ನೀವೇ ರೆಕಾರ್ಡರ್ ಮುಟ್ಟಿದ್ದೋ ಇರಬೇಕು.

ಒಂದು ಸುಲಭದ ಉಪಾಯವಿದೆ. ಸಂಗೀತ ಮಾತ್ರ ಇರುವ ಒಂದು ಭಾಗ ಆರಿಸಿಕೊಂಡು `Effect → Volume and Compression → Amplify...` ತೆರೆಯಿರಿ. ಆ ಭಾಗದ ತುದಿ ಸೊನ್ನೆ ಮುಟ್ಟಲು ಎಷ್ಟು ಏರಿಸಬಹುದು ಎಂಬ ಅಂಕಿಯನ್ನು ಆಡಾಸಿಟಿ ತಾನೇ ತುಂಬಿಟ್ಟಿರುತ್ತದೆ. 10 ಎಂದಿದ್ದರೆ ಅಲ್ಲಿನ ಪೀಕ್ −10. ನೋಡಿಕೊಂಡು `Cancel` ಒತ್ತಿ. ಏನೂ ಬದಲಾಗದೆ ಅಳತೆ ಸಿಕ್ಕಿತು.

ನಮ್ಮ ಕಛೇರಿಯಲ್ಲಿ ತನಿ ಆವರ್ತನದ ಮೃದಂಗದ ಪೆಟ್ಟು −10ರಲ್ಲಿದೆ, ಚಪ್ಪಾಳೆ −2ರಲ್ಲಿ ಎಂದುಕೊಳ್ಳಿ. ಸಂಗೀತಕ್ಕೆ ಸಿಗಬೇಕಾಗಿದ್ದ 8 ಡಿಬಿ ಜಾಗವನ್ನು ಪೂರ್ತಿ ಕಬಳಿಸಿರುವುದು ಚಪ್ಪಾಳೆ.

ಚಪ್ಪಾಳೆಯನ್ನು ಕತ್ತರಿಸಬೇಕಿಲ್ಲ, ಇಳಿಸಿದರೆ ಸಾಕು. ಪೂರ್ತಿ ತೆಗೆದರೆ ಕಛೇರಿಯ ಜೀವವೇ ಹೋಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ಪ್ರತಿ ಚಪ್ಪಾಳೆಯನ್ನೂ ಆರಿಸಿ, ಅದೇ `Amplify...`ನಲ್ಲಿ −12 ಎಂದು ಕೊಡಿ. ಚಪ್ಪಾಳೆಯ ಪೀಕ್ −14ಕ್ಕೆ ಬಂತು. ಕೊನೆಯ ಸ್ವರ ಇನ್ನೂ ಇಳಿಯುತ್ತಿರುವಾಗಲೇ ಜನ ಚಪ್ಪಾಳೆ ಶುರುಮಾಡಿರುತ್ತಾರೆ, ನಮ್ಮ ರಸಿಕರಿಗೆ ಅಷ್ಟು ಅವಸರ. ಆರಿಸುವಾಗ ಆ ಸ್ವರದ ಬಾಲ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಈಗ ಮತ್ತೆ ಅಳೆದರೆ ಪೀಕ್ −10, ಲೌಡ್‌ನೆಸ್ −32. ಲೌಡ್‌ನೆಸ್ ಒಂದಂಕಿ ಇಳಿದದ್ದೇಕೆ? ಮೊದಲಿನ −31ರಲ್ಲಿ ಚಪ್ಪಾಳೆಯ ಪಾಲೂ ಇತ್ತು. ಈಗಿನದು ಸಂಗೀತದ ನಿಜವಾದ ಅಳತೆ.

ಈ ಫೈಲನ್ನು ಈಗ −1ಕ್ಕೆ ಪೀಕ್ ನಾರ್ಮಲೈಸ್ ಮಾಡಿ: 9 ಡಿಬಿ ಏರಿಕೆ. ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಲೌಡ್‌ನೆಸ್ −23ಕ್ಕೆ ಬಂದು ನಿಲ್ಲುತ್ತದೆ. ಸುಮ್ಮನಿದ್ದ ಗುಂಡಿಯೇ ಈಗ ಕೆಲಸ ಮಾಡಿತು.

ಹಾಗಿದ್ದರೂ −16 ಬೇಕು ಎನ್ನುವವರಿಗೆ ಲೆಕ್ಕ ಹೀಗೆ. 16 ಡಿಬಿ ಏರಿಸಿದರೆ ಮೃದಂಗ +6ಕ್ಕೆ ಹೋಗುತ್ತದೆ. ಅದನ್ನು −1ರೊಳಗೆ ತರಲು ಲಿಮಿಟರ್ ಎಂಬ ಸಾಧನ 7 ಡಿಬಿ ತುದಿಯನ್ನು ಒತ್ತಬೇಕು. ಅಷ್ಟು ಒತ್ತಿದರೆ ಚಾಪುವಿನ ಚುರುಕು ಹೋಗಿ ಮೃದಂಗ ದಿಂಬಿಗೆ ಬಡಿದಂತಾಗುತ್ತದೆ. −20ಕ್ಕೆ ನಿಂತರೆ ಏರಿಕೆ 12, ತುದಿ +2, ಲಿಮಿಟರ್ ಒತ್ತಬೇಕಾದ್ದು ಮೂರೇ ಡಿಬಿ, ಅದೂ ತನಿಯ ಕೆಲವು ಪೆಟ್ಟುಗಳಲ್ಲಿ ಮಾತ್ರ. ವೀಣೆಯ ಕಛೇರಿಗೆ ನಾನು ಇಡುವುದು ಈ ಗುರಿ. ಹಾಡಿಗೋ ಮಾತಿಗೋ ಇಡುವ ಅಂಕಿಯನ್ನು ವೀಣೆಗೂ ಇಡಲೇಬೇಕೆಂಬ ಶಾಸನವೇನೂ ಇಲ್ಲ.

ಲಿಮಿಟರ್ ಹಾಕುವ ಮೊದಲೇ ಏರಿಸಿಬಿಟ್ಟರೂ ಆಡಾಸಿಟಿ ಕೈಬಿಡುವುದಿಲ್ಲ, ರಫ್ತು ಮಾಡುವವರೆಗೆ. ಅದು ಒಳಗೊಳಗೆ 32 ಬಿಟ್ ಫ್ಲೋಟ್ ಎಂಬ ರೀತಿಯಲ್ಲಿ ಲೆಕ್ಕ ಇಡುವುದರಿಂದ ಸೊನ್ನೆ ದಾಟಿದ ತುದಿ ನಾಶವಾಗದೆ ಉಳಿದಿರುತ್ತದೆ. `Loudness Normalization...` ಓಡಿಸಿ, ತುದಿಗಳು ಮೇಲೆ ಹೋದ ಮೇಲೂ ಲಿಮಿಟರ್ ಹಾಕಿ ಒಳಗೆ ತರಬಹುದು. ತುದಿ ದಾಟಿದೆಯೇ ಎಂದು ತಿಳಿಯಲು `View` ಮೆನುವಿನಲ್ಲಿ `Show Clipping in Waveform` ಗುರುತು ಮಾಡಿ. ದಾಟಿದ ಕಡೆಯೆಲ್ಲ ಕೆಂಪು ಗೆರೆ ಬರುತ್ತದೆ. ಕೆಂಪು ಇರುವಾಗಲೇ 16 ಬಿಟ್ ವೇವ್ ಮಾಡಿದಿರೋ, ಆ ಪ್ರತಿಯಲ್ಲಿ ತುದಿ ಹೋಯಿತು, ಮತ್ತೆ ಬಾರದು.

ರೆಕಾರ್ಡ್ ಮಾಡುವಾಗಲೇ ಒಡೆದ ಧ್ವನಿಯನ್ನು ಎರಡು ಬಗೆಯ ನಾರ್ಮಲೈಸೇಷನ್‌ಗಳೂ ಸರಿಮಾಡಲಾರವು. ಇಳಿಸಿದರೆ ಒಡಕು ಮೆಲ್ಲಗಾಗುತ್ತದೆ, ಅಷ್ಟೇ.

ಗುರಿಯನ್ನು ಸೊನ್ನೆಗೇ ಇಡದೆ −1ಕ್ಕೆ ಇಡುವುದು ಸಂಕೋಚಕ್ಕಲ್ಲ. ಫೈಲಿನಲ್ಲಿರುವುದು ಅಲೆಯ ಮೇಲಿನ ಚುಕ್ಕಿಗಳು. ನುಡಿಸುವಾಗ ಚುಕ್ಕಿಗಳ ನಡುವಿನ ಅಲೆ ಚುಕ್ಕಿಗಿಂತ ತುಸು ಮೇಲೆ ಹೋಗಬಹುದು. ಎಂಪಿ3 ಮಾಡುವಾಗಲೂ ಅಲೆಯ ಆಕಾರ ಸ್ವಲ್ಪ ಬದಲಾಗುತ್ತದೆ. ಆ ಒಂದು ಡಿಬಿ ಅದಕ್ಕೆ ಬಿಟ್ಟ ಜಾಗ.

ನಾರ್ಮಲೈಸೇಷನ್ ಮೆಲ್ಲಗಿನ ಆಲಾಪನೆಯನ್ನು ಮಾತ್ರ ಮೇಲೆತ್ತುವುದಿಲ್ಲ. ಹೆಚ್ಚಿನವರ ತಪ್ಪು ಕಲ್ಪನೆ ಇದೇ. ಪೀಕ್ ಆಗಲಿ, ಲೌಡ್‌ನೆಸ್ ಆಗಲಿ, ಆಡಾಸಿಟಿ ಮಾಡುವುದು ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಏರಿಸುವುದು. ಆಲಾಪನೆಗೂ ತನಿಗೂ ಮೊದಲು 20 ಡಿಬಿ ಅಂತರ ಇದ್ದರೆ ಆಮೇಲೂ 20 ಡಿಬಿಯೇ. ಅಂತರ ತಗ್ಗಿಸುವುದು ಕಂಪ್ರೆಸರ್ ಎಂಬ ಬೇರೆ ಸಾಧನದ ಕೆಲಸ. ಎಫ್‌ಎಫ್‌ಎಂಪೆಗ್‌ನ `loudnorm` ಮಾತ್ರ ಇಲ್ಲಿ ಸ್ವಲ್ಪ ಕಿಲಾಡಿ: ಒಂದೇ ಸುತ್ತಿನಲ್ಲಿ ಓಡಿಸಿದರೆ ಅದು ಹೋಗ್ತಾ ಹೋಗ್ತಾ ಸದ್ದನ್ನು ಏರಿಸಿ ಇಳಿಸಿ ಮಾಡುತ್ತದೆ. ಆಲಾಪನೆಯ ನಡುವೆ ಫ್ಯಾನಿನ ಸದ್ದು ಮೆಲ್ಲನೆ ಉಬ್ಬಿ ಬಂದಂತೆ ಕೇಳಿಸಿದರೆ ಕಾರಣ ಅದೇ.

ಫ್ಯಾನಿಗೂ ಅಷ್ಟೇ ಬಡ್ತಿ. ವೀಣೆಯನ್ನು 12 ಡಿಬಿ ಏರಿಸಿದರೆ ಮೇಲೆ ತಿರುಗುವ ಫ್ಯಾನು, ಬುಲ್ ಟೆಂಪಲ್ ರಸ್ತೆಯ ಬಸ್ಸು, ರೆಕಾರ್ಡರಿನದೇ ಸುಯ್ಯೆನ್ನುವ ಸದ್ದು, ಎಲ್ಲವೂ 12 ಡಿಬಿ ಏರುತ್ತವೆ. −60ರಲ್ಲಿದ್ದ ಗದ್ದಲ −48ಕ್ಕೆ ಬಂತು. ಹೊಸ ಗದ್ದಲ ಸೇರಿದ್ದಲ್ಲ, ಇದ್ದದ್ದು ಕೇಳಿಸತೊಡಗಿದ್ದು. ನಾರ್ಮಲೈಸ್ ಮಾಡಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಮೊದಲ ಮೀಟು ಬೀಳುವ ಮುಂಚಿನ ಹತ್ತು ಸೆಕೆಂಡು ಕೇಳಿ. ಅಲ್ಲಿ ಕಿರಿಕಿರಿಯಾದರೆ ಗುರಿಯನ್ನು ಎರಡು ಮೂರು ಡಿಬಿ ಇಳಿಸುವುದು ಗದ್ದಲ ಅಳಿಸುವ ಸಾಧನ ಹಾಕುವುದಕ್ಕಿಂತ ವಾಸಿ. ಆ ಸಾಧನಗಳಿಗೆ ತಂಬೂರಿಯೂ ನಿರಂತರ ಸದ್ದೇ. ಗದ್ದಲದ ಜೊತೆ ಅದನ್ನೂ ಕೆರೆದು ಹಾಕುತ್ತವೆ.

`Normalize...` ಕಿಟಕಿಯಲ್ಲಿ ಒಂದು ಗುರುತು ಬೇಡ, ಇನ್ನೊಂದು ಇರಲಿ. `Normalize stereo channels independently` ಬೇಡ. ಅದು ಎಡ, ಬಲ ಎರಡನ್ನೂ ಬೇರೆ ಬೇರೆಯಾಗಿ ಗುರಿಗೆ ತಲುಪಿಸುತ್ತದೆ. ಮೃದಂಗದವರು ಒಂದು ಬದಿಗೆ ಕೂತಿದ್ದರೆ ಇನ್ನೊಂದು ಬದಿ ಸುಮ್ಮನೆ ಹೆಚ್ಚು ಏರಿ, ನಡುವೆ ಇದ್ದ ವೀಣೆ ಅತ್ತ ಜರುಗಿದಂತೆ ಕೇಳಿಸುತ್ತದೆ. `Remove DC offset` ಇರಲಿ; ಅಲೆ ನಡುಗೆರೆಯಿಂದ ಮೇಲಕ್ಕೋ ಕೆಳಕ್ಕೋ ಜರುಗಿದ್ದರೆ ಪೀಕ್ ಲೆಕ್ಕವೇ ತಪ್ಪುತ್ತದೆ.

ಒಂದೇ ಗುರಿಗೆ ಎರಡು ಸಲ ನಾರ್ಮಲೈಸ್ ಮಾಡಿದರೆ ಎರಡನೇ ಸಲ ಏನೂ ಆಗುವುದಿಲ್ಲ. ಆಗಲೇ ಗುರಿಯಲ್ಲಿದೆ, ಇನ್ನೆಲ್ಲಿಗೆ ಹೋಗುವುದು?

ಮೊಬೈಲಿನ ಮೋನೊ ರೆಕಾರ್ಡಿಂಗ್‌ಗೆ 3 ಅಂಕಿಯ ಗೊಂದಲವಿದೆ. ಒಂದೇ ಚಾನೆಲಿನ ಫೈಲು ಎರಡು ಸ್ಪೀಕರಿನಲ್ಲಿ ನುಡಿದಾಗ ಅಳತೆಗಿಂತ 3 ಅಂಕಿ ಜೋರಾಗುತ್ತದೆ. ಲೌಡ್‌ನೆಸ್ ಕಿಟಕಿಯ `Treat mono as dual-mono` ಇದನ್ನು ಸರಿದೂಗಿಸಲೆಂದೇ ಇರುವುದು. ಅದರ ಗುರುತು ತೆಗೆಯಬೇಡಿ.

ಕಛೇರಿಯನ್ನು ಕೃತಿಗಳಾಗಿ ಕತ್ತರಿಸುವುದು ನಾರ್ಮಲೈಸ್ ಆದ ಮೇಲೆ. ಮೊದಲೇ ಕತ್ತರಿಸಿ ಒಂದೊಂದಕ್ಕೂ ಬೇರೆ ಬೇರೆ ಲೌಡ್‌ನೆಸ್ ನಾರ್ಮಲೈಸೇಷನ್ ಮಾಡಿದರೆ, ಕಲಾವಿದರು ಬೇಕೆಂದೇ ಮೆಲ್ಲಗೆ ನುಡಿಸಿದ ಕೊನೆಯ ದೇವರನಾಮ ತಾನದಷ್ಟೇ ಜೋರಾಗಿ ಬಂದು ಕೂರುತ್ತದೆ, ತನ್ನ ಜೊತೆ ಫ್ಯಾನನ್ನೂ ಕರೆತರುತ್ತದೆ. ಪೀಕ್ ನಾರ್ಮಲೈಸೇಷನ್ ಮಾಡಿದರಂತೂ ಇನ್ನೂ ವಿಚಿತ್ರ: ಮೃದಂಗವಿಲ್ಲದ ರಾಗಾಲಾಪನೆಗೆ ಛಾವಣಿಯವರೆಗೆ ಬಹಳ ಜಾಗ ಸಿಕ್ಕಿ, ಅದು ಪಲ್ಲವಿಗಿಂತ ಜೋರಾಗುತ್ತದೆ. ಇಡೀ ಕಛೇರಿಗೆ ಒಂದೇ ಸಲ ಮಾಡಿ, ಆಮೇಲೆ ಕತ್ತರಿಸಿ. ಬೇರೆ ಬೇರೆ ವರ್ಷ, ಬೇರೆ ಬೇರೆ ಸಭೆಯ ರೆಕಾರ್ಡಿಂಗ್‌ಗಳನ್ನು ಒಂದೇ ಪಟ್ಟಿಯಲ್ಲಿ ಜೋಡಿಸುವಾಗ ಮಾತ್ರ, ಒಂದೊಂದು ಕಛೇರಿಗೂ ಒಂದೊಂದರಂತೆ, ಲೌಡ್‌ನೆಸ್ಸೇ ಸರಿಯಾದ ಆಯ್ಕೆ.

ಯೂಟ್ಯೂಬ್ ಜೋರಾದದ್ದನ್ನು ಇಳಿಸುತ್ತದೆ, ಮೆಲ್ಲಗಿನದನ್ನು ಏರಿಸುವುದಿಲ್ಲ. ಅದರ ಗುರಿ ಸುಮಾರು −14 ಲಫ್ಸ್. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಮೆಲ್ಲಗಿನದನ್ನು ಏರಿಸುತ್ತದೆ, ಆದರೆ ಪೀಕ್‌ಗೆ ಜಾಗ ಇರುವಷ್ಟು ಮಾತ್ರ; ನಮ್ಮ ಚಪ್ಪಾಳೆ ಇಳಿಸದ ಮೂಲ ಫೈಲು ಅಲ್ಲಿಯೂ ಒಂದು ಡಿಬಿ ಏರಿ ನಿಂತುಬಿಡುತ್ತದೆ. ಯೂಟ್ಯೂಬಿಗೆ ಹಾಕಿದ ನಿಮ್ಮ ಕಛೇರಿ ಎಷ್ಟರಲ್ಲಿದೆ ಎಂದು ನೋಡಬೇಕಾದರೆ, ಕಂಪ್ಯೂಟರಿನಲ್ಲಿ ವಿಡಿಯೊ ಮೇಲೆ ಬಲ ಗುಂಡಿ ಒತ್ತಿ `Stats for nerds` ತೆರೆಯಿರಿ. `content loudness` ಮುಂದೆ −17 ಡಿಬಿ ಹತ್ತಿರ ಇದ್ದರೆ ನೀವು ಹಾಕಿರುವುದು ಮೂಲ ಫೈಲು. −6ರ ಆಸುಪಾಸಿನಲ್ಲಿದ್ದರೆ −20ಕ್ಕೆ ತಂದದ್ದು.